ವೈದ್ಯಕೀಯ ಮಂಡಳಿಯಿಂದ ಅಂಗವೈಕಲ್ಯ ಪ್ರಮಾಣಪತ್ರ: ಬೌದ್ಧಿಕ ವೈಕಲ್ಯವಿರುವ ಮಗುವಿನ ಅರ್ಜಿ ಮತ್ತು ಲಗತ್ತಿಸಬೇಕಾದ ದಾಖಲೆಗಳು

ಗ್ರಾಮ ಪಂಚಾಯಿತಿ ಸದಸ್ಯರ ಬಳಿಗೆ ಅಂಗವೈಕಲ್ಯ ಪ್ರಮಾಣಪತ್ರದ ವಿಷಯವಾಗಿ ಬರುವ ಕುಟುಂಬಗಳು ಎರಡು ಬಗೆಯವು. ಕಾಲು ಅಥವಾ ಕಣ್ಣಿನ ತೊಂದರೆ ಇರುವವರ ವೈಕಲ್ಯ ನೋಡಿದ ಮಾತ್ರಕ್ಕೆ ತಿಳಿಯುತ್ತದೆ. ಅವರ ಅರ್ಜಿ ನಿಧಾನವಾದರೂ ಒಂದು ದಡ ಸೇರುತ್ತದೆ. ಬುದ್ಧಿಮಾಂದ್ಯವೆಂದು ಊರಿನಲ್ಲಿ ಕರೆಯಲ್ಪಡುವ, ಕಾನೂನಿನಲ್ಲಿ ಬೌದ್ಧಿಕ ವೈಕಲ್ಯವೆಂದು ಹೆಸರಿಸಲಾದ ಸ್ಥಿತಿಯ ಮಕ್ಕಳ ಅರ್ಜಿ ಹಾಗಲ್ಲ. ಈ ವೈಕಲ್ಯವನ್ನು ಕ್ಷಕಿರಣ ಚಿತ್ರದಲ್ಲಿ ತೋರಿಸಲಾಗದು, ರಕ್ತ ಪರೀಕ್ಷೆಯಿಂದ ಅಳೆಯಲಾಗದು. ಆದುದರಿಂದ ಕಡತದಲ್ಲಿ ಏನಿದೆ, ಮಗುವಿನೊಡನೆ ಆಸ್ಪತ್ರೆಗೆ ಯಾರು ಹೋಗುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ. ಈ ಪಾಠದಲ್ಲಿ ಅಂತಹ ಒಂದೇ ಒಂದು ಅರ್ಜಿಯನ್ನು ಆರಂಭದಿಂದ ಕೊನೆಯವರೆಗೆ ಪರಿಶೀಲಿಸಲಾಗಿದೆ. ಉದಾಹರಣೆಯು ವಿವರಣೆಗಾಗಿ ರೂಪಿಸಿದ್ದು. ಅದರಲ್ಲಿನ ತೊಡಕುಗಳು ಮಾತ್ರ ಎಲ್ಲ ಪಂಚಾಯಿತಿಗಳಲ್ಲಿಯೂ ಕಾಣುವಂಥವು.

ಬಯಲುಸೀಮೆಯ ಒಂದು ಗ್ರಾಮದಲ್ಲಿ ಎಂಟು ವರ್ಷದ ಬಾಲಕನಿದ್ದಾನೆ. ತಂದೆ ತೀರಿಕೊಂಡಿದ್ದಾರೆ. ತಾಯಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯಲ್ಲಿ ದುಡಿಯುತ್ತಾರೆ. ಬಾಲಕನು ಅಜ್ಜಿಯ ಆಸರೆಯಲ್ಲಿ ಬೆಳೆಯುತ್ತಿದ್ದಾನೆ. ಎರಡನೆಯ ತರಗತಿಯಲ್ಲಿ ಹೆಸರು ದಾಖಲಾಗಿದ್ದರೂ ಅಕ್ಷರ ಗುರುತಿಸುವುದಿಲ್ಲ. ಎರಡು ಮೂರು ಪದ ಸೇರಿಸಿ ಮಾತನಾಡುತ್ತಾನೆ. ಶಾಲೆಗೆ ಬಂದ ಬಾಲ ಸ್ವಾಸ್ಥ್ಯ ತಂಡದ ವೈದ್ಯರು ಜಿಲ್ಲಾ ಆಸ್ಪತ್ರೆಗೆ ತೋರಿಸುವಂತೆ ಚೀಟಿ ಬರೆದು ಒಂದು ವರ್ಷವಾಗಿದೆ. ಚೀಟಿ ಅಜ್ಜಿಯ ಪೆಟ್ಟಿಗೆಯಲ್ಲಿಯೇ ಉಳಿದಿದೆ. ಮಾಸಾಶನದ ಅರ್ಜಿಗೆಂದು ನಾಡಕಚೇರಿಗೆ ಹೋದಾಗ ಮೊದಲು ಪ್ರಮಾಣಪತ್ರ ತರಬೇಕೆಂಬ ಉತ್ತರ ದೊರೆತು, ಅಜ್ಜಿ ವಾರ್ಡಿನ ಸದಸ್ಯೆಯ ಮನೆಗೆ ಬಂದಿದ್ದಾರೆ.

ಸದಸ್ಯೆಯು ಮೊದಲು ತಿಳಿಸಬೇಕಾದುದು ಅರ್ಜಿಯನ್ನು ಯಾರು ಸಲ್ಲಿಸಬೇಕೆಂಬುದನ್ನು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಹಾಗೂ ಅದರಡಿ 2017ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಅಪ್ರಾಪ್ತ ವಯಸ್ಕರ ಪರವಾಗಿ ಕಾನೂನುಬದ್ಧ ಪೋಷಕರು ಅರ್ಜಿ ಸಲ್ಲಿಸಬಹುದು. ಇಲ್ಲಿ ತಾಯಿ ಬದುಕಿರುವುದರಿಂದ ಪೋಷಕರು ತಾಯಿಯೇ. ಸಾಕುತ್ತಿರುವವರು ಅಜ್ಜಿಯೆಂಬ ಕಾರಣಕ್ಕೆ ಅಜ್ಜಿಯ ಹೆಸರನ್ನು ಪೋಷಕರೆಂದು ನಮೂದಿಸಿದರೆ ಮುಂದೆ ಬ್ಯಾಂಕ್ ಖಾತೆ, ಮಾಸಾಶನ ಮುಂತಾದ ಪ್ರತಿ ಹಂತದಲ್ಲಿಯೂ ಪ್ರಶ್ನೆ ಏಳುತ್ತದೆ. ಆದರೆ ಮಂಡಳಿಯ ಮುಂದೆ ಮಗುವಿನ ಬಗ್ಗೆ ಉತ್ತರಿಸಬಲ್ಲವರು ಅಜ್ಜಿ ಮಾತ್ರ. ಹೀಗಾಗಿ ಈ ಕಡತದಲ್ಲಿ ಸಹಿ ತಾಯಿಯದು, ಮಾತು ಅಜ್ಜಿಯದು. ತಾಯಿ ಊರಿಗೆ ಬಂದು ಹೋಗಲು ಎರಡು ದಿನದ ಕೂಲಿ ಬಿಡಬೇಕಾಗುವುದರಿಂದ, ಅವರು ಬಂದ ಒಂದೇ ಸಲಕ್ಕೆ ಎಲ್ಲ ದಾಖಲೆಗಳೂ ಸಿದ್ಧವಾಗಿರುವಂತೆ ನೋಡಿಕೊಳ್ಳುವುದು ಉತ್ತಮ.

ನಿಯಮವು ಕೇಳುವ ದಾಖಲೆಗಳು ಜನ ಭಾವಿಸಿರುವುದಕ್ಕಿಂತ ಬಹಳ ಕಡಿಮೆ. ಗುರುತಿನ ದಾಖಲೆ, ವಿಳಾಸದ ದಾಖಲೆ, ಇತ್ತೀಚಿನ ಭಾವಚಿತ್ರ ಮತ್ತು ಆಧಾರ್ ಸಂಖ್ಯೆ. ಆಧಾರ್ ಇನ್ನೂ ಬಾರದಿದ್ದಲ್ಲಿ ಅದರ ನೋಂದಣಿ ಸಂಖ್ಯೆ. ಆಧಾರ್‌ನಲ್ಲಿ ಈಗಿನ ವಿಳಾಸವೇ ಇದ್ದರೆ ಗುರುತು ಮತ್ತು ವಿಳಾಸ ಎರಡಕ್ಕೂ ಅದೊಂದೇ ಸಾಕು. ಅಂತಹವರಿಗೆ ಪಂಚಾಯಿತಿಯಿಂದ ವಾಸಸ್ಥಳ ದೃಢೀಕರಣ ಬರೆದುಕೊಡುವ ಅಗತ್ಯವಿಲ್ಲ. ಭಾವಚಿತ್ರವು ಆರು ತಿಂಗಳ ಒಳಗಿನದಾಗಿರಬೇಕು, ಮುಖ ಮಾತ್ರ ಕಾಣುವಂತಿರಬೇಕು. ವೈಕಲ್ಯ ಕಾಣುವಂತೆ ಇಡೀ ದೇಹದ ಚಿತ್ರ ತೆಗೆಸಬೇಕೆಂಬ ಹಳೆಯ ನಂಬಿಕೆ ಇನ್ನೂ ಕೆಲವು ಫೋಟೋ ಸ್ಟುಡಿಯೋಗಳಲ್ಲಿ ಉಳಿದುಕೊಂಡಿದೆ. ಪ್ರಮಾಣಪತ್ರದ ನಮೂನೆಯಲ್ಲಿಯೇ ಮುಖ ಮಾತ್ರ ಎಂದು ಮುದ್ರಿತವಾಗಿರುವುದನ್ನು ಸದಸ್ಯರು ತಿಳಿಸಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಈ ಅರ್ಜಿಗೆ ಲಗತ್ತಿಸಬೇಕಾಗಿಲ್ಲ. ಅವು ಮುಂದೆ ಮಾಸಾಶನ ಅಥವಾ ವಿದ್ಯಾರ್ಥಿವೇತನದ ಸಮಯದಲ್ಲಿ ಬೇಕಾಗಬಹುದು. ವೈದ್ಯರ ನಿರ್ಣಯಕ್ಕೂ ಕುಟುಂಬದ ಆದಾಯಕ್ಕೂ ಸಂಬಂಧವಿಲ್ಲ.

ದಾಖಲೆ ಕಡಿಮೆಯೆಂದು ಕೆಲಸ ಸುಲಭವೆಂದು ಭಾವಿಸಲಾಗದು. ಆಧಾರ್ ಒಂದರ ಮೇಲೆಯೇ ಎಲ್ಲವೂ ನಿಂತಿರುವುದರಿಂದ ಅದರಲ್ಲಿನ ಒಂದು ತಪ್ಪು ಇಡೀ ಅರ್ಜಿಗೆ ಅಂಟಿಕೊಳ್ಳುತ್ತದೆ. ಈ ಬಾಲಕನ ಆಧಾರ್‌ನಲ್ಲಿ ಜನ್ಮದಿನಾಂಕ 1-1-2016 ಎಂದಿದೆ. ಜನನ ಪ್ರಮಾಣಪತ್ರ ಹಾಗೂ ತಾಯಿ ಕಾರ್ಡಿನಲ್ಲಿ 12-8-2017 ಎಂದಿದೆ. ಹಿಂದೊಮ್ಮೆ ನೋಂದಣಿ ಶಿಬಿರದಲ್ಲಿ ಅಂದಾಜಿನಿಂದ ಬರೆಸಿದ ದಿನಾಂಕವದು. ಕಣ್ಣಿಗೆ ಕಾಣುವ ವೈಕಲ್ಯವಿದ್ದಲ್ಲಿ ಹತ್ತೊಂಬತ್ತು ತಿಂಗಳ ಈ ವ್ಯತ್ಯಾಸದಿಂದ ಹೆಚ್ಚಿನ ಹಾನಿಯಾಗುತ್ತಿರಲಿಲ್ಲ. ಬೌದ್ಧಿಕ ವೈಕಲ್ಯದಲ್ಲಿ ಅದು ಎರಡು ಕಡೆ ಪೆಟ್ಟು ಕೊಡುತ್ತದೆ.

ಮೊದಲನೆಯದು ಅಳತೆಯಲ್ಲಿ. ಮಗು ದಿನನಿತ್ಯದ ಕೆಲಸಗಳಲ್ಲಿ ಎಷ್ಟು ವರ್ಷದ ಮಗುವಿನಂತೆ ನಡೆದುಕೊಳ್ಳುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞರು ಮೊದಲು ಗುರುತಿಸುತ್ತಾರೆ. ಇದನ್ನು ಸಾಮಾಜಿಕ ವಯಸ್ಸು ಎನ್ನುತ್ತಾರೆ. ಅದನ್ನು ಮಗುವಿನ ನೈಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಸಾಮಾಜಿಕ ಲಬ್ಧ ದೊರೆಯುತ್ತದೆ. ಬಾಲಕನ ಸಾಮಾಜಿಕ ವಯಸ್ಸು 4 ವರ್ಷವೆಂದು ಕಂಡುಬಂದಿತೆನ್ನೋಣ. 2025ರ ನವೆಂಬರಿನಲ್ಲಿ ಅವನ ನಿಜವಾದ ವಯಸ್ಸು 8 ವರ್ಷ 3 ತಿಂಗಳು. ಲಬ್ಧ ಸುಮಾರು 48. ಆಧಾರ್‌ನ ದಿನಾಂಕ ನಂಬಿದರೆ ವಯಸ್ಸು 9 ವರ್ಷ 10 ತಿಂಗಳಾಗಿ ಲಬ್ಧ ಸುಮಾರು 41ಕ್ಕೆ ಇಳಿಯುತ್ತದೆ. ಮಗು ಅದೇ, ಉತ್ತರಗಳೂ ಅವೇ. ತಪ್ಪು ದಿನಾಂಕವೊಂದು ಅಂಕವನ್ನು ಬದಲಿಸಿದೆ. ಕೆಲವು ಮಕ್ಕಳ ವಿಷಯದಲ್ಲಿ ಇಷ್ಟೇ ವ್ಯತ್ಯಾಸದಿಂದ ವೈಕಲ್ಯದ ದರ್ಜೆ ಬದಲಾಗಬಹುದು. ಅದು ಕುಟುಂಬದ ಪರವಾಗಿ ಬದಲಾದರೂ ಸರಿಯಲ್ಲ. ಮರುಪರೀಕ್ಷೆಯ ದಿನ ಆ ಅಂಕ ಹೊಂದುವುದಿಲ್ಲ.

ಎರಡನೆಯದು ಅವಧಿಯಲ್ಲಿ. ಮಕ್ಕಳಿಗೆ ನೀಡುವ ಬೌದ್ಧಿಕ ವೈಕಲ್ಯದ ಪ್ರಮಾಣಪತ್ರ ಸಾಮಾನ್ಯವಾಗಿ ತಾತ್ಕಾಲಿಕವಾದುದು. ಮಗುವಿಗೆ 5, 10 ಮತ್ತು 18 ವರ್ಷ ತುಂಬಿದಾಗ ಅದನ್ನು ನವೀಕರಿಸಬೇಕಾಗುತ್ತದೆ. 18ರ ನಂತರ ನೀಡಿದುದು ಜೀವನಪರ್ಯಂತ ಸಿಂಧುವಾಗಿರುತ್ತದೆ. ಆಧಾರ್‌ನ ದಿನಾಂಕದಂತೆ ಬಾಲಕನಿಗೆ 1-1-2026ಕ್ಕೆ ಹತ್ತು ತುಂಬುತ್ತದೆ. 2025ರ ನವೆಂಬರಿನಲ್ಲಿ ಅರ್ಜಿ ಹಾಕಿ, ಕೂಡಲೇ ಪ್ರಮಾಣಪತ್ರ ದೊರೆತರೂ ಅದು ಎರಡು ತಿಂಗಳೊಳಗೆ ಮುಗಿದುಹೋಗುತ್ತದೆ. ಸರಿಯಾದ ದಿನಾಂಕದಂತೆ 12-8-2027ರವರೆಗೆ ಅವಕಾಶವಿದೆ. ಆದ್ದರಿಂದ ಈ ಕಡತದಲ್ಲಿ ಮಾಡಬೇಕಾದ ಮೊದಲ ಕೆಲಸ ಆಸ್ಪತ್ರೆಯದಲ್ಲ, ಆಧಾರ್ ಕೇಂದ್ರದ್ದು. ಜನನ ಪ್ರಮಾಣಪತ್ರವನ್ನು ಕೊಟ್ಟು ದಿನಾಂಕ ತಿದ್ದಿಸಬೇಕು. ಐದು ವರ್ಷದೊಳಗೆ ಮಾಡಿಸಿದ ಆಧಾರ್‌ನಲ್ಲಿ ಬೆರಳಚ್ಚು ಇರುವುದಿಲ್ಲವಾದ್ದರಿಂದ, ಐದು ತುಂಬಿದ ಮೇಲೆ ಆಗಬೇಕಿದ್ದ ಬೆರಳಚ್ಚು ಮತ್ತು ಭಾವಚಿತ್ರದ ನವೀಕರಣವನ್ನು ಅದೇ ಭೇಟಿಯಲ್ಲಿ ಮುಗಿಸಿಕೊಳ್ಳಬೇಕು. ಹೆಸರಿನ ಕಾಗುಣಿತವೂ ಶಾಲಾ ದಾಖಲೆಯೊಡನೆ ಹೊಂದುವಂತೆ ನೋಡುವುದು ಇಲ್ಲಿಯೇ. ಪ್ರಮಾಣಪತ್ರ ಮುದ್ರಿತವಾದ ಮೇಲೆ ಹೆಸರು ತಿದ್ದಿಸುವುದು ಎರಡರಷ್ಟು ಅಲೆದಾಟ.

ತಿದ್ದುಪಡಿ ಬಂದ ನಂತರ ಅರ್ಜಿ. 2024ರ ಅಕ್ಟೋಬರಿನ ನಿಯಮ ತಿದ್ದುಪಡಿಯ ತರುವಾಯ ಪ್ರಮಾಣಪತ್ರಕ್ಕೂ ಯುಡಿಐಡಿ ಕಾರ್ಡಿಗೂ ಒಂದೇ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ಅದರ ವಿಳಾಸ swavlambancard.gov.in. ಈ ಅರ್ಜಿಗೆ ಸರ್ಕಾರಿ ಶುಲ್ಕವಿಲ್ಲ. ಪಂಚಾಯಿತಿ ವ್ಯಾಪ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ಊರಿನವರು ವಿ.ಆರ್.ಡಬ್ಲ್ಯು. ಎಂದು ಕರೆಯುವವರು, ಇದನ್ನು ತುಂಬಿಕೊಡಬಲ್ಲರು. ಇಲ್ಲಿ ಎರಡು ಕಡೆ ಎಚ್ಚರ ಬೇಕು.

ಒಂದು, ದೂರವಾಣಿ ಸಂಖ್ಯೆ. ಅರ್ಜಿಯ ನೋಂದಣಿ ಸಂಖ್ಯೆ, ಪರೀಕ್ಷೆಗೆ ಹಾಜರಾಗುವ ಸೂಚನೆ, ಪ್ರಮಾಣಪತ್ರ ಸಿದ್ಧವಾದ ಸುದ್ದಿ ಎಲ್ಲವೂ ಅರ್ಜಿಯಲ್ಲಿ ಕೊಟ್ಟ ಮೊಬೈಲಿಗೆ ಸಂದೇಶವಾಗಿ ಬರುತ್ತವೆ. ಅಜ್ಜಿಯ ಬಳಿ ಮೊಬೈಲ್ ಇಲ್ಲವೆಂದು ಕಂಪ್ಯೂಟರ್ ಅಂಗಡಿಯವರು ತಮ್ಮ ಸಂಖ್ಯೆಯನ್ನೇ ಹಾಕಿಬಿಡುವುದುಂಟು. ಆಗ ಹಾಜರಾಗಬೇಕಾದ ದಿನ ಕಳೆದ ಮೇಲೆ ಕುಟುಂಬಕ್ಕೆ ವಿಷಯ ತಿಳಿಯುತ್ತದೆ, ಇಲ್ಲವೇ ತಿಳಿಯುವುದೇ ಇಲ್ಲ. ಈ ಪ್ರಕರಣದಲ್ಲಿ ತಾಯಿಯ ಸಂಖ್ಯೆ ಕೊಡುವುದು ಸರಿ. ತಾಯಿಗೆ ಬಂದ ಸಂದೇಶವನ್ನು ಊರಿಗೆ ತಿಳಿಸಲು ಕಾರ್ಯಕರ್ತರ ಸಂಖ್ಯೆ ತಾಯಿಯ ಬಳಿ ಇರಬೇಕು. ನೋಂದಣಿ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು ಅಜ್ಜಿಗೆ ಕೊಟ್ಟು, ಪಂಚಾಯಿತಿಯ ವಿಕಲಚೇತನರ ವಹಿಯಲ್ಲಿಯೂ ದಾಖಲಿಸತಕ್ಕದ್ದು.

ಎರಡು, ಆಸ್ಪತ್ರೆಯ ಆಯ್ಕೆ. ವಾಸಿಸುವ ಜಿಲ್ಲೆಯ ಅಧಿಕೃತ ಆಸ್ಪತ್ರೆಯನ್ನಾಗಲಿ, ಈ ವೈಕಲ್ಯಕ್ಕೆ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯನ್ನಾಗಲಿ ಆರಿಸಬಹುದು. ಹತ್ತಿರವೆಂಬ ಒಂದೇ ಕಾರಣಕ್ಕೆ ತಾಲ್ಲೂಕು ಆಸ್ಪತ್ರೆಯನ್ನು ಆರಿಸುವ ಮುನ್ನ ವಿಚಾರಿಸಬೇಕು. ಬೌದ್ಧಿಕ ವೈಕಲ್ಯದ ನಿರ್ಣಯಕ್ಕೆ ಮಕ್ಕಳ ವೈದ್ಯರು, ಮನೋವೈದ್ಯರು ಮತ್ತು ಮನಃಶಾಸ್ತ್ರಜ್ಞರು ಬೇಕು. ಮೂಳೆ ಮತ್ತು ಕಣ್ಣಿನ ವೈದ್ಯರಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಮನಃಶಾಸ್ತ್ರಜ್ಞರು ಇರಲೇಬೇಕೆಂದಿಲ್ಲ. ಅವರಿಲ್ಲದ ಕಡೆ ಅರ್ಜಿ ಸುಮ್ಮನೆ ಕುಳಿತಿರುತ್ತದೆ. ಯಾವ ಆಸ್ಪತ್ರೆಯಲ್ಲಿ ಯಾವ ವಾರ ಮಂಡಳಿ ಸೇರುತ್ತದೆ ಎಂಬುದನ್ನು ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಂದ ಅಥವಾ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಿಂದ ಮೊದಲೇ ತಿಳಿದುಕೊಳ್ಳುವುದು ಕ್ಷೇಮ.

ಇನ್ನು ನಿಯಮವು ಕಡ್ಡಾಯವಾಗಿ ಕೇಳದಿದ್ದರೂ ಮಂಡಳಿಯ ಮೇಜಿನ ಮೇಲೆ ನಿಜವಾಗಿ ಕೆಲಸಕ್ಕೆ ಬರುವ ಕಾಗದಗಳಿವೆ. ಬೌದ್ಧಿಕ ವೈಕಲ್ಯವೆಂಬುದು ಬೆಳವಣಿಗೆಯ ವಯಸ್ಸಿನಲ್ಲಿಯೇ ಕಾಣಿಸಿಕೊಂಡದ್ದು ಎಂಬುದು ವೈದ್ಯರಿಗೆ ಮನದಟ್ಟಾಗಬೇಕು. ಅದಕ್ಕೆ ಹೆರಿಗೆಯಾದ ಆಸ್ಪತ್ರೆಯ ಬಿಡುಗಡೆ ಪತ್ರ ಸಹಾಯಕ. ಹುಟ್ಟಿದಾಗ ಮಗು ತಡವಾಗಿ ಅತ್ತಿತು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು ಎಂಬ ಮಾಹಿತಿ ಅದರಲ್ಲಿ ಇರಬಹುದು. ತಾಯಿ ಕಾರ್ಡಿನಲ್ಲಿ ತೂಕ ಮತ್ತು ಚುಚ್ಚುಮದ್ದಿನ ದಾಖಲೆಯೊಡನೆ ಅಂಗನವಾಡಿ ಕಾರ್ಯಕರ್ತೆ ಬರೆದ ಮಾತುಗಳೂ ಸಿಗಬಹುದು. ಮೂರ್ಛೆಯ ಚಿಕಿತ್ಸೆ ನಡೆದಿದ್ದರೆ ಆ ಚೀಟಿಗಳನ್ನು ಬಿಡಲೇಬಾರದು. ಬಾಲ ಸ್ವಾಸ್ಥ್ಯ ತಂಡದ ಶಿಫಾರಸು ಚೀಟಿ, ಅಜ್ಜಿಯ ಪೆಟ್ಟಿಗೆಯಲ್ಲಿದ್ದದ್ದು, ಇಲ್ಲಿ ಬೆಲೆಯುಳ್ಳದ್ದು. ಇವೆಲ್ಲಕ್ಕೂ ಮೂಲ ಪ್ರತಿ ಕೈಯಲ್ಲಿರಲಿ, ನೆರಳಚ್ಚು ಪ್ರತಿ ಕಡತದಲ್ಲಿರಲಿ. ಮೂಲ ಪ್ರತಿಯನ್ನು ಎಲ್ಲಿಯೂ ಬಿಟ್ಟುಬರಬಾರದು.

ಶಾಲೆಯಿಂದ ತರುವ ಪತ್ರದ ಬಗ್ಗೆ ಒಂದು ಮಾತು. ‘ಈ ವಿದ್ಯಾರ್ಥಿಯು ಬುದ್ಧಿಮಾಂದ್ಯನಾಗಿರುತ್ತಾನೆ’ ಎಂದು ಒಂದೇ ಸಾಲು ಬರೆದು ಮುದ್ರೆ ಒತ್ತಿದ ಪತ್ರದಿಂದ ಮಂಡಳಿಗೆ ಉಪಯೋಗವಿಲ್ಲ. ಅದನ್ನು ನಿರ್ಣಯಿಸುವುದು ಮುಖ್ಯೋಪಾಧ್ಯಾಯರ ಕೆಲಸವೂ ಅಲ್ಲ. ಬದಲಾಗಿ ತರಗತಿಯಲ್ಲಿ ಕಂಡದ್ದನ್ನು ಬರೆದರೆ ಅದೇ ದಾಖಲೆಯಾಗುತ್ತದೆ: ಎರಡು ವರ್ಷದಿಂದ ಶಾಲೆಗೆ ಬರುತ್ತಿದ್ದಾನೆ; ತನ್ನ ಹೆಸರಿನ ಅಕ್ಷರ ಗುರುತಿಸುವುದಿಲ್ಲ; ಐದರವರೆಗೆ ಎಣಿಸುತ್ತಾನೆ, ಮುಂದೆ ತಪ್ಪುತ್ತಾನೆ; ಶೌಚಾಲಯಕ್ಕೆ ಹೋಗಲು ಇನ್ನೊಬ್ಬರು ಕರೆದೊಯ್ಯಬೇಕು; ಒಂದನೆಯ ತರಗತಿಯ ಮಕ್ಕಳೊಡನೆ ಆಡುತ್ತಾನೆ. ಶಾಲೆಗೆ ಬಂದು ಹೋಗುವ ವಿಶೇಷ ಶಿಕ್ಷಕರು ಇಂತಹ ಟಿಪ್ಪಣಿ ಬರೆಯಬಲ್ಲರು. ಪಂಚಾಯಿತಿ ಸದಸ್ಯರ ಶಿಫಾರಸು ಪತ್ರಕ್ಕೆ ಈ ಕಡತದಲ್ಲಿ ಯಾವ ಸ್ಥಾನವೂ ಇಲ್ಲ ಎಂಬುದನ್ನು ನೇರವಾಗಿಯೇ ಹೇಳಬೇಕಾಗಿದೆ. ಅದರಿಂದ ಶೇಕಡಾವಾರು ಹೆಚ್ಚುವುದಿಲ್ಲ. ವೈದ್ಯರಿಗೆ ಸಂಶಯ ಹೆಚ್ಚುವುದುಂಟು.

ಪರೀಕ್ಷೆಯ ದಿನ ನಡೆಯುವುದೇನೆಂದು ಕುಟುಂಬಕ್ಕೆ ಮೊದಲೇ ತಿಳಿಸುವುದು ಅಗತ್ಯ. ಮನಃಶಾಸ್ತ್ರಜ್ಞರು ಬಾಲಕನ ಕೈಗೆ ಮರದ ಬಿಲ್ಲೆಗಳನ್ನು, ಚಿತ್ರಗಳನ್ನು ಕೊಟ್ಟು ನೋಡುತ್ತಾರೆ. ಬಳಿಕ ಜೊತೆಗೆ ಬಂದವರನ್ನು ಪ್ರಶ್ನಿಸುತ್ತಾರೆ. ಸಾಮಾಜಿಕ ವಯಸ್ಸು ಬಹುಮಟ್ಟಿಗೆ ಈ ಉತ್ತರಗಳಿಂದಲೇ ನಿರ್ಧಾರವಾಗುತ್ತದೆ.

“ಅಜ್ಜಿ, ಹುಡುಗ ತಾನಾಗೇ ಉಣ್ತಾನಾ?”

“ಹೂಂ ರೀ, ಉಣ್ತಾನೆ.”

“ಯಾರು ಕಲಸಿ ಕೊಡ್ತಾರೆ?”

“ನಾನೇ ಕಲಸಿ ಮುಂದಿಡ್ತೀನಿ. ಅಂಗಿ ಮೇಲೆಲ್ಲ ಚೆಲ್ಲಿಕೊಳ್ತಾನೆ.”

ಮೊದಲ ಉತ್ತರದಲ್ಲಿಯೇ ಮಾತು ನಿಂತಿದ್ದರೆ ಬಾಲಕನು ವಯಸ್ಸಿಗೆ ತಕ್ಕಂತೆ ಉಣ್ಣುತ್ತಾನೆಂದು ದಾಖಲಾಗುತ್ತಿತ್ತು. ಮಗುವಿನ ಕೊರತೆಯನ್ನು ಪರರ ಮುಂದೆ ಹೇಳಲು ಮನೆಯವರು ನಾಚುತ್ತಾರೆ. ಎಲ್ಲವನ್ನೂ ಮಾಡುತ್ತಾನೆಂದು ಹೇಳಿ ಬರುತ್ತಾರೆ. ಅನಂತರ ಪ್ರಮಾಣ ಕಡಿಮೆಯಾಯಿತೆಂದು ದುಃಖಿಸುತ್ತಾರೆ. ಇದಕ್ಕೆ ವಿರುದ್ಧವಾಗಿ, ಏನೂ ಮಾಡುವುದಿಲ್ಲವೆಂದು ಹೇಳುವಂತೆ ಮಧ್ಯವರ್ತಿಗಳು ಕಲಿಸಿ ಕಳುಹಿಸುವುದೂ ಉಂಟು. ಮಗು ಅದೇ ಕೋಣೆಯಲ್ಲಿ ಚಪ್ಪಲಿ ಹಾಕಿಕೊಂಡು ನೀರು ಕುಡಿದು ಬರುವುದನ್ನು ಪರೀಕ್ಷಕರು ನೋಡುತ್ತಿರುತ್ತಾರೆ. ಆಗ ನಿಜವಾದ ಉತ್ತರಗಳ ಮೇಲೂ ನಂಬಿಕೆ ಹೋಗುತ್ತದೆ. ವಿಕಲಚೇತನರಿಗೆ ಮೀಸಲಾದ ಸೌಲಭ್ಯವನ್ನು ವಂಚನೆಯಿಂದ ಪಡೆಯುವುದಕ್ಕೆ ಅಧಿನಿಯಮದ 91ನೆಯ ಪ್ರಕರಣದಲ್ಲಿ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಅಜ್ಜಿಗೆ ಹೇಳಿಕೊಡಬೇಕಾದುದು ಇಷ್ಟೆ: ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಯಾವುದನ್ನು ಅವನೊಬ್ಬನೇ ಮಾಡುತ್ತಾನೆ, ಯಾವುದಕ್ಕೆ ಕೈಹಿಡಿಯಬೇಕು ಎಂಬುದನ್ನು ಹಿಂದಿನ ದಿನ ನೆನಪು ಮಾಡಿಕೊಂಡು ಇದ್ದಂತೆಯೇ ಹೇಳುವುದು. ಬಾಲಕನಿಗೆ ಜ್ವರವಿದ್ದರೆ ಅಥವಾ ರಾತ್ರಿ ನಿದ್ರೆಯಾಗಿರದಿದ್ದರೆ ಅದನ್ನೂ ಮೊದಲೇ ತಿಳಿಸಬೇಕು. ಬೆಳಗಿನ ಬಸ್ಸಿಗೆಂದು ಹಸಿದ ಹೊಟ್ಟೆಯಲ್ಲಿ ಕರೆತಂದ ಮಗು ಬಿಲ್ಲೆ ಜೋಡಿಸುವುದಿಲ್ಲ.

ಮಂಡಳಿಯು ದರ್ಜೆಗೆ ತಕ್ಕಂತೆ ಪ್ರಮಾಣವನ್ನು ನಮೂದಿಸುತ್ತದೆ. ಅಲ್ಪ ಪ್ರಮಾಣದ ಬೌದ್ಧಿಕ ವೈಕಲ್ಯಕ್ಕೆ ಶೇ. 50, ಮಧ್ಯಮಕ್ಕೆ ಶೇ. 75, ತೀವ್ರಕ್ಕೆ ಶೇ. 90, ಅತಿ ತೀವ್ರಕ್ಕೆ ಶೇ. 100. ಗಡಿರೇಖೆಯಲ್ಲಿರುವ ಮಗುವಿಗೆ ಶೇ. 25 ಮಾತ್ರ. ಬಹುತೇಕ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಬೇಕಾಗಿರುವುದರಿಂದ ಗಡಿರೇಖೆಯ ಮಗುವಿಗೆ ಪ್ರಮಾಣಪತ್ರ ದೊರೆತರೂ ಮಾಸಾಶನ ದೊರೆಯುವುದಿಲ್ಲ. ಇದನ್ನು ಕುಟುಂಬಕ್ಕೆ ಮೊದಲೇ ಹೇಳಿದರೆ ಮುಂದಿನ ಮನಸ್ತಾಪ ತಪ್ಪುತ್ತದೆ. ಕಾರ್ಡಿನ ಬಣ್ಣವೂ ಇದನ್ನೇ ತೋರಿಸುತ್ತದೆ. ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರ ಒಳಗಿದ್ದರೆ ಹಳದಿ, 80 ಮತ್ತು ಅದಕ್ಕಿಂತ ಹೆಚ್ಚಿದ್ದರೆ ನೀಲಿ. ಉದಾಹರಣೆಯ ಬಾಲಕನಿಗೆ ಮಧ್ಯಮ ದರ್ಜೆ, ಶೇ. 75, ಹಳದಿ ಕಾರ್ಡು. ಪ್ರಮಾಣಪತ್ರದ ಅವಧಿ 12-8-2027ರವರೆಗೆ.

ತಿದ್ದುಪಡಿಯಾದ ನಿಯಮದಂತೆ ಮೂರು ತಿಂಗಳೊಳಗೆ ನಿರ್ಣಯವಾಗಬೇಕು. ನವೆಂಬರ್ 5ರಂದು ಅರ್ಜಿ ಸಲ್ಲಿಕೆಯಾಗಿದ್ದರೆ ಫೆಬ್ರವರಿ 5ರ ವೇಳೆಗೆ ಉತ್ತರ ಬರಬೇಕು. ಅಷ್ಟರೊಳಗೆ ಸಂದೇಶವೇ ಬಾರದಿದ್ದಲ್ಲಿ ನೋಂದಣಿ ಸಂಖ್ಯೆಯೊಡನೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೆ ಬರೆಯತಕ್ಕದ್ದು. ಸುಮ್ಮನೆ ಕಾಯುತ್ತ ಕುಳಿತರೆ ಇನ್ನೊಂದು ಅಪಾಯವಿದೆ: ಎರಡು ವರ್ಷ ಕಳೆದರೂ ಇತ್ಯರ್ಥವಾಗದ ಅರ್ಜಿ ನಿಷ್ಕ್ರಿಯವಾಗಿಬಿಡುತ್ತದೆ. ಮಂಡಳಿಯು ಅರ್ಜಿಯನ್ನು ತಿರಸ್ಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕೆಂದು ನಿಯಮವಿದೆ. ‘ಆಗಲ್ಲ ಅಂದ್ರು’ ಎಂಬ ಬಾಯಿಮಾತಿನೊಡನೆ ಕುಟುಂಬವು ಮರಳಿ ಬಂದರೆ ಆ ಪತ್ರವನ್ನು ಕೇಳಿ ಪಡೆಯುವಂತೆ ಸದಸ್ಯರು ತಿಳಿಸಬೇಕು. 59ನೆಯ ಪ್ರಕರಣದಡಿ ಮೇಲ್ಮನವಿ ಸಲ್ಲಿಸಲು ಅದೇ ಆಧಾರ. ಪ್ರಮಾಣ ಕಡಿಮೆಯಾಯಿತೆಂಬ ಅಸಮಾಧಾನಕ್ಕೂ ದಾರಿ ಮೇಲ್ಮನವಿಯೇ ಹೊರತು, ಬೇರೆ ಜಿಲ್ಲೆಯ ವಿಳಾಸ ತೋರಿಸಿ ಹೊಸ ಅರ್ಜಿ ಹಾಕುವುದಲ್ಲ. ಆಧಾರ್ ಸಂಖ್ಯೆ ಒಂದೇ ಆಗಿರುವುದರಿಂದ ಅದು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಕಾರ್ಡು ಮನೆಗೆ ಬಂದ ದಿನ ಪಂಚಾಯಿತಿಯ ಕೆಲಸ ಅರ್ಧ ಮಾತ್ರ ಮುಗಿದಿರುತ್ತದೆ. ಪ್ರಮಾಣಪತ್ರ ದೊರೆತ ಮಾತ್ರಕ್ಕೆ ಮಾಸಾಶನ ತಾನಾಗಿ ಆರಂಭವಾಗುವುದಿಲ್ಲ; ನಾಡಕಚೇರಿಯಲ್ಲಿ ಅದಕ್ಕೆ ಬೇರೆಯೇ ಅರ್ಜಿ. ಇನ್ನು ನವೀಕರಣದ ದಿನಾಂಕವನ್ನು ಕುಟುಂಬವು ನೆನಪಿಡುವುದಿಲ್ಲ. ಮಾಸಾಶನ ನಿಂತಾಗಲೇ ಅದರ ಅರಿವಾಗುವುದು, ಆಗ ಮರುಪರೀಕ್ಷೆಗೆ ಮತ್ತೆ ಮೂರು ತಿಂಗಳು. ಆದ್ದರಿಂದ ವಿಕಲಚೇತನರ ವಹಿಯಲ್ಲಿ ಈ ಬಾಲಕನ ಹೆಸರಿನ ಮುಂದೆ ಅವಧಿ ಮುಗಿಯುವ 12-8-2027ನ್ನು ಬರೆದು, ಅದರ ಪಕ್ಕದಲ್ಲಿ ಅದೇ ವರ್ಷದ ಏಪ್ರಿಲ್ ತಿಂಗಳನ್ನು ನವೀಕರಣದ ಅರ್ಜಿ ಹಾಕುವ ತಿಂಗಳೆಂದು ಕೆಂಪು ಶಾಯಿಯಲ್ಲಿ ನಮೂದಿಸತಕ್ಕದ್ದು. ನವೀಕರಣದ ದಿನ ಹಳೆಯ ಪ್ರಮಾಣಪತ್ರ, ಹೊಸ ಭಾವಚಿತ್ರ ಮತ್ತು ಶಾಲೆಯ ಹೊಸ ಟಿಪ್ಪಣಿ ಸಾಕು. ಜೊತೆಗೆ ಅಜ್ಜಿ ಇರಬೇಕು.